ಕನ್ನಡಿ ಮುಂದೆ ನಿಂತರೆ ಮುಖದ ಮೇಲೆ ನೆರಳು: ಬಾತ್‌ರೂಮ್ ಬೆಳಕಿನ ದೋಷ ಪತ್ತೆ ಮಾಡೋದು ಹೇಗೆ

ಬಾತ್‌ರೂಮ್‌ನಲ್ಲಿ ಬೆಳಕು ಕಡಿಮೆ ಅನ್ನಿಸಿದ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ. 9 ವಾಟ್ ಬಲ್ಬ್ ತೆಗೆದು 15 ವಾಟ್ ಹಾಕುತ್ತಾರೆ. ರೂಮು ಬೆಳಗುತ್ತದೆ, ನೆಲದ ಕೊಳೆ ಚೆನ್ನಾಗಿ ಕಾಣುತ್ತದೆ. ಮುಖ ಮಾತ್ರ ಮೊದಲಿನಷ್ಟೇ ಕಪ್ಪು. ಯಾಕೆಂದರೆ ಇಲ್ಲಿ ದೋಷ ಇರುವುದು ಬೆಳಕಿನ ಪ್ರಮಾಣದಲ್ಲಿ ಅಲ್ಲ, ಅದು ಬರುವ ದಿಕ್ಕಿನಲ್ಲಿ.

ಉದಾಹರಣೆಗೆ ನಮ್ಮ ಅಕ್ಕನ ಮನೆಯ ಬಾತ್‌ರೂಮ್ ತೆಗೆದುಕೊಳ್ಳೋಣ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ತುಂಬಾ ಸಾಮಾನ್ಯವಾದ 5 ಅಡಿ ಅಗಲ, 8 ಅಡಿ ಉದ್ದದ ರೂಮು. ಬಾಗಿಲ ಪಕ್ಕದಲ್ಲೇ ಉದ್ದ ಗೋಡೆಗೆ ವಾಶ್ ಬೇಸಿನ್, ಅದರ ಬಲಕ್ಕೆ ಕಮೋಡ್, ಕೊನೆಯಲ್ಲಿ ಶವರ್. ಎಂಟು ಅಡಿ ಎತ್ತರದಲ್ಲಿ ಫಾಲ್ಸ್ ಸೀಲಿಂಗ್, ಅದರ ನಟ್ಟನಡುವೆ ಒಂದು 12 ವಾಟ್ ಡೌನ್‌ಲೈಟ್. "ಬಲ್ಬ್ ಬದಲಾಯಿಸಿದ್ರೂ ಅಷ್ಟೇ ಕಣಯ್ಯಾ, ಗದ್ದದ ಕೆಳಗೆ ಗಡ್ಡ ಉಳಿದಿದ್ದು ಆಫೀಸಿಗೆ ಹೋದ್ಮೇಲೇ ಗೊತ್ತಾಗೋದು" ಅಂತ ಭಾವನ ದೂರು.

ಮೊದಲು ನೆರಳು ಎಲ್ಲಿ ಬೀಳುತ್ತಿದೆ ನೋಡಿ

ದಿನಾ ಶೇವ್ ಮಾಡುವಾಗ ಅಥವಾ ಬೊಟ್ಟು ಇಡುವಾಗ ನಿಲ್ಲುವ ಜಾಗದಲ್ಲೇ ನಿಲ್ಲಿ. ಹೆಚ್ಚಿನವರ ಮುಖ ಕನ್ನಡಿಯಿಂದ ಒಂದೂವರೆ ಅಡಿ, ಅಂದರೆ 45ರಿಂದ 50 ಸೆಂ.ಮೀ. ದೂರ ಇರುತ್ತದೆ. ಬಾಗಿಲು ಮುಚ್ಚಿ, ಕಿಟಕಿಯಿಂದ ಬೆಳಕು ಬರದ ರಾತ್ರಿ ಹೊತ್ತಿನಲ್ಲಿ ನೋಡಿ. ಹಗಲಲ್ಲಿ ನೋಡಿದರೆ ದೋಷ ಅರ್ಧ ಮುಚ್ಚಿಹೋಗುತ್ತದೆ.

ಕಿವಿ, ಕೂದಲ ಅಂಚು ಹೊಳೆಯುತ್ತಾ ಮುಖವೆಲ್ಲಾ ಮಂಕಾಗಿದ್ದರೆ ದೀಪ ನಿಮ್ಮ ಹಿಂದೆ ಇದೆ. ಹುಬ್ಬಿನ ಕೆಳಗೆ ಕಣ್ಣಿನ ಗುಳಿ ಕಪ್ಪಾಗಿ, ಮೂಗಿನ ನೆರಳು ತುಟಿ ದಾಟಿ ಕೆಳಗಿಳಿದಿದ್ದರೆ ದೀಪ ಮುಂದೆ ಇದ್ದರೂ ತೀರಾ ಮೇಲಿದೆ. ಒಂದು ಕೆನ್ನೆ ಬೆಳಗಿ ಇನ್ನೊಂದು ಕಪ್ಪಾಗಿದ್ದರೆ ದೀಪ ಒಂದೇ ಪಕ್ಕದಲ್ಲಿದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಿ.

ಕಣ್ಣಿನ ಅಂದಾಜು ಸಾಲದು ಅನ್ನಿಸಿದರೆ ಫೋನಿನಲ್ಲಿ ಲಕ್ಸ್, ಅಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಪ್ರಮಾಣ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಹೆಚ್ಚಿನ ಆ್ಯಪ್‌ಗಳು ಪರದೆಯ ಮೇಲ್ಭಾಗದಲ್ಲಿರುವ ಸೆನ್ಸರ್‌ನಿಂದ ಅಳೆಯುತ್ತವೆ. ಗದ್ದದ ಎತ್ತರದಲ್ಲಿ ಫೋನ್ ಹಿಡಿದು ಎರಡು ಸಲ ಅಳೆಯಿರಿ: ಪರದೆ ಸೀಲಿಂಗ್ ಕಡೆ ಇದ್ದಾಗ ಒಂದು, ಕನ್ನಡಿ ಕಡೆ ಇದ್ದಾಗ ಇನ್ನೊಂದು. ಫೋನಿನ ಲೆಕ್ಕ ಕರಾರುವಾಕ್ಕಾಗಿ ಇರುವುದಿಲ್ಲ, ಚಿಂತೆಯಿಲ್ಲ. ನಮಗೆ ಬೇಕಾದ್ದು ಎರಡರ ಅನುಪಾತ. ಅಕ್ಕನ ಮನೆಯಲ್ಲಿ ಮೇಲ್ಮುಖವಾಗಿ ಸುಮಾರು 180 ಲಕ್ಸ್ ಬಂತು, ಕನ್ನಡಿ ಮುಖವಾಗಿ 40. ಬಲ್ಬ್ ದುಪ್ಪಟ್ಟು ಮಾಡಿದರೆ ಇದು 360 ಮತ್ತು 80 ಆಗುತ್ತದೆ, ಅಷ್ಟೇ. ಅನುಪಾತ ಬದಲಾಗದೆ ನೆರಳು ಹೋಗುವುದಿಲ್ಲ.

40 ಯಾಕೆ ಬಂತು ಅನ್ನುವುದಕ್ಕೆ ಟೇಪ್ ಹಿಡಿದರೆ ಉತ್ತರ ಸಿಗುತ್ತದೆ. ರೂಮಿನ ಅಗಲ 150 ಸೆಂ.ಮೀ. ನಡುವಿನ ದೀಪ ಕನ್ನಡಿ ಗೋಡೆಯಿಂದ 75 ಸೆಂ.ಮೀ. ದೂರ. ಭಾವನ ಮುಖ ಗೋಡೆಯಿಂದ 50 ಸೆಂ.ಮೀ. ಅಂದರೆ ದೀಪ ಮುಖಕ್ಕಿಂತ 25 ಸೆಂ.ಮೀ. ಹಿಂದೆ, ಬಲಕ್ಕೆ ಎರಡು ಅಡಿಗಿಂತ ಜಾಸ್ತಿ, ತಲೆಗಿಂತ ಮೇಲೆ. ಅದರಿಂದ ಮುಖಕ್ಕೆ ನೇರವಾಗಿ ಬರುವ ಬೆಳಕು ಹೆಚ್ಚುಕಡಿಮೆ ಸೊನ್ನೆ. ಆ 40 ಲಕ್ಸ್ ಬಂದದ್ದು ಗೋಡೆಯ ಟೈಲ್ಸ್‌ಗೆ ಬಡಿದು ವಾಪಸ್ ಬಂದ ಬೆಳಕಿನಿಂದ. ಬಲಗಿವಿ ಮಾತ್ರ ಮಿಂಚುತ್ತಿತ್ತು.

ಕನ್ನಡಿ ಮೇಲೆ ಒಂದು ಡೌನ್‌ಲೈಟ್ ಹಾಕಿದರೆ ಸಾಕಲ್ವಾ?

ಎಲೆಕ್ಟ್ರಿಷಿಯನ್ ಮೊದಲು ಹೇಳುವುದು ಇದನ್ನೇ. ಫಾಲ್ಸ್ ಸೀಲಿಂಗ್‌ನಲ್ಲಿ ಒಂದು ತೂತು ಕೊರೆದರೆ ಕೆಲಸ ಮುಗಿಯಿತು, ಟೈಲ್ಸ್ ಮುಟ್ಟುವ ಹಾಗಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ದೀಪ ಗೋಡೆಯಿಂದ 20 ಸೆಂ.ಮೀ. ದೂರದಲ್ಲಿ, 240 ಸೆಂ.ಮೀ. ಎತ್ತರದಲ್ಲಿ ಇದೆ ಅನ್ನಿ. ಮೂಗು ನೆಲದಿಂದ 145 ಸೆಂ.ಮೀ. ಎತ್ತರದಲ್ಲಿದೆ. ದೀಪ ಮುಖಕ್ಕಿಂತ 30 ಸೆಂ.ಮೀ. ಮುಂದೆ, 95 ಸೆಂ.ಮೀ. ಮೇಲೆ ಬಂತು. ಮುಂದಿನ ಅಂತರಕ್ಕಿಂತ ಮೇಲಿನ ಅಂತರ ಮೂರು ಪಟ್ಟಿಗೂ ಜಾಸ್ತಿ. ಮೂಗು 2 ಸೆಂ.ಮೀ. ಚಾಚಿಕೊಂಡಿದ್ದರೆ ಅದರ ನೆರಳು 6 ಸೆಂ.ಮೀ.ಗೂ ಉದ್ದ. ಮೇಲ್ತುಟಿ, ಕೆಳತುಟಿ ದಾಟಿ ಗದ್ದಕ್ಕೆ ಬರುತ್ತದೆ. ಹುಬ್ಬಿನ ನೆರಳು ಕಣ್ಣಿನ ಗುಳಿಯನ್ನು ಪೂರ್ತಿ ನುಂಗುತ್ತದೆ. ಗದ್ದದ ಕೆಳಗಂತೂ ಬೆಳಕೇ ಇಲ್ಲ. ಹಿಂದಿನ ದೋಷ ಹೋಗಿ ಹೊಸ ದೋಷ ಬಂತು.

ಕನ್ನಡಿಯ ಮೇಲಂಚಿನಲ್ಲಿ, ಅಂದರೆ 190 ಸೆಂ.ಮೀ. ಎತ್ತರದಲ್ಲಿ ಉದ್ದನೆಯ ಪಟ್ಟಿ ದೀಪ ಹಾಕಿದರೆ ಪರಿಸ್ಥಿತಿ ಸುಧಾರಿಸುತ್ತದೆ. ಈಗ ಮೇಲಿನ ಅಂತರ 45, ಮುಂದಿನ ಅಂತರ 40. ಮೂಗಿನ ನೆರಳು ಎರಡು ಸೆಂ.ಮೀ. ಚಿಲ್ಲರೆಗೆ ಇಳಿಯುತ್ತದೆ, ಮೇಲ್ತುಟಿಯ ಹತ್ತಿರ ನಿಲ್ಲುತ್ತದೆ. ಪಟ್ಟಿ ಎರಡು ಅಡಿ ಉದ್ದ ಇದ್ದರೆ ನೆರಳಿನ ಅಂಚೂ ಮೆತ್ತಗಾಗುತ್ತದೆ. ಹಲ್ಲುಜ್ಜಿ ತಲೆ ಬಾಚಿಕೊಳ್ಳುವ ಮನೆಗೆ ಇಷ್ಟು ಸಾಕು. ಶೇವಿಂಗ್, ಮೇಕಪ್ ಮಾಡುವವರಿಗೆ ಸಾಲದು.

ನಿಜವಾಗಿ ನೆರಳು ಹೋಗುವುದು ಕನ್ನಡಿಯ ಎರಡೂ ಪಕ್ಕ ನಿಲುವಾಗಿ ಒಂದೊಂದು ಪಟ್ಟಿ ದೀಪ ಹಾಕಿದಾಗ. ಎಡಗಡೆ ದೀಪ ಮೂಗಿನ ಬಲಕ್ಕೆ ಬೀಳಿಸಿದ ನೆರಳನ್ನು ಬಲಗಡೆ ದೀಪ ಅಳಿಸುತ್ತದೆ, ಅದರ ನೆರಳನ್ನು ಇದು ಅಳಿಸುತ್ತದೆ. ದೀಪ ಕಣ್ಣಿನ ಎತ್ತರದಲ್ಲೇ ಇರುವುದರಿಂದ ಹುಬ್ಬಿನ ಕೆಳಗೂ ಬೆಳಕು ನುಗ್ಗುತ್ತದೆ. ಪಟ್ಟಿಯ ನಡುಭಾಗ ನೆಲದಿಂದ 150ರಿಂದ 160 ಸೆಂ.ಮೀ. ಎತ್ತರಕ್ಕೆ ಬರಲಿ. ಉದ್ದ 45ರಿಂದ 60 ಸೆಂ.ಮೀ. ಇದ್ದರೆ ಮನೆಯ ಗಿಡ್ಡ, ಉದ್ದ ಎಲ್ಲರಿಗೂ ಹೊಂದುತ್ತದೆ. ಎರಡು ಪಟ್ಟಿಗಳ ನಡುವೆ 70ರಿಂದ 90 ಸೆಂ.ಮೀ. ಅಂತರ ಬಿಡಿ. ಅದಕ್ಕಿಂತ ಹತ್ತಿರ ತಂದರೆ ಕಣ್ಣು ಕುಕ್ಕುತ್ತದೆ, ಜಾಸ್ತಿ ದೂರ ಮಾಡಿದರೆ ಮುಖದ ನಡುಭಾಗ ಮಂಕಾಗುತ್ತದೆ.

ಒಂದೊಂದು ಪಟ್ಟಿ 500ರಿಂದ 600 ಲುಮೆನ್ ಕೊಟ್ಟರೆ ಧಾರಾಳ. ಎಲ್‌ಇಡಿಯಲ್ಲಿ ಅದು ಸುಮಾರು 6ರಿಂದ 8 ವಾಟ್. ಹಾಲುಬಿಳಿ ಮುಚ್ಚಳ ಇರಲೇಬೇಕು. ಒಳಗಿನ ಎಲ್‌ಇಡಿ ಚುಕ್ಕೆಗಳು ಎಣಿಸುವ ಹಾಗೆ ಕಾಣುತ್ತಿದ್ದರೆ ಆ ದೀಪ ಬೇಡ.

ದೀಪ ಇರುವ ಕನ್ನಡಿ ತಂದರೂ ಮುಖ ಕಪ್ಪು

ಈ ದೂರು ಈಚೆಗೆ ಜಾಸ್ತಿ ಕೇಳುತ್ತಿದೆ. ಎಲ್‌ಇಡಿ ಕನ್ನಡಿಗಳಲ್ಲಿ ಎರಡು ಜಾತಿ. ಒಂದರಲ್ಲಿ ದೀಪ ಕನ್ನಡಿಯ ಹಿಂದಿದ್ದು ಗೋಡೆಯ ಮೇಲೆ ಪ್ರಭಾವಳಿ ಥರ ಬೆಳಕು ಚೆಲ್ಲುತ್ತದೆ. ಶೋರೂಮ್‌ನಲ್ಲಿ ಇದು ಬಹಳ ಚೆಂದ. ಮುಖಕ್ಕೆ ಮಾತ್ರ ಅದರಿಂದ ಸಿಗುವುದು ಗೋಡೆಗೆ ಬಡಿದು ಬಂದ ಚೂರು ಬೆಳಕು. ಗೋಡೆಯ ಟೈಲ್ಸ್ ಗಾಢ ಬೂದು ಬಣ್ಣದ್ದಾದರೆ ಅದೂ ಇಲ್ಲ. ಇನ್ನೊಂದರಲ್ಲಿ ಗಾಜಿನ ಮೇಲೇ ಮಸುಕು ಮಾಡಿದ ಪಟ್ಟಿ ಇದ್ದು, ಬೆಳಕು ನೇರ ಮುಂದಕ್ಕೆ ಬರುತ್ತದೆ. ಕೊಳ್ಳಬೇಕಾದ್ದು ಇದು. ಪಟ್ಟಿ ಎರಡೂ ಪಕ್ಕ ಇರಲಿ, ತೆಳ್ಳನೆ ಗೆರೆಯ ಹಾಗಿರದೆ 4-5 ಸೆಂ.ಮೀ. ಅಗಲ ಇರಲಿ.

ಪರೀಕ್ಷೆ ಸುಲಭ. ಸೀಲಿಂಗ್ ದೀಪ ಆರಿಸಿ, ಕನ್ನಡಿ ದೀಪ ಒಂದನ್ನೇ ಉರಿಸಿ. ಗದ್ದದ ಹತ್ತಿರ ಕನ್ನಡಿ ಕಡೆ ಮುಖ ಮಾಡಿದ ಫೋನು 300 ಲಕ್ಸ್‌ಗೆ ಹತ್ತಿರ ತೋರಿಸಿದರೆ ಮುಖದ ಕೆಲಸಕ್ಕೆ ಆಗುತ್ತದೆ. ನೂರರ ಕೆಳಗೆ ಇದ್ದರೆ ಅದು ಅಲಂಕಾರದ ಕನ್ನಡಿ ಅಂತಲೇ ಲೆಕ್ಕ, ಮುಂದಿನ ಬೆಳಕಿಗೆ ಬೇರೆ ದಾರಿ ನೋಡಬೇಕು.

ಎರಡೂ ಪಕ್ಕ ದೀಪ ಇದ್ದೂ ಗದ್ದದ ಕೆಳಗೆ ಮಾತ್ರ ಕಪ್ಪು ಉಳಿದರೆ ಬೇಸಿನ್ ಕೌಂಟರ್ ನೋಡಿ. ಬಿಳಿ ಬೇಸಿನ್ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ, ಕಪ್ಪು ಗ್ರಾನೈಟ್ ಎಲ್ಲವನ್ನೂ ನುಂಗುತ್ತದೆ. ಕೌಂಟರ್ ಮೇಲೆ ಒಂದು ಬಿಳಿ ಟವೆಲ್ ಹಾಸಿ ಮತ್ತೆ ಕನ್ನಡಿ ನೋಡಿಕೊಳ್ಳಿ. ವ್ಯತ್ಯಾಸ ಕಂಡರೆ ಕಾರಣ ಸಿಕ್ಕಿತು. ಗ್ರಾನೈಟ್ ಕೀಳಬೇಕಿಲ್ಲ, ಪಟ್ಟಿ ದೀಪಗಳನ್ನು ನಾಲ್ಕೈದು ಇಂಚು ಕೆಳಗೆ ಇಳಿಸಿದರೂ ನಡೆಯುತ್ತದೆ.

ಬಣ್ಣದ ಮಾತು ಒಂದಿಷ್ಟು. ನಮ್ಮ ಅಂಗಡಿಗಳಲ್ಲಿ ಕೇಳದೆ ಕೊಡುವುದು 6500 ಕೆಲ್ವಿನ್‌ನ ನೀಲಿಬಿಳಿ. ಅದರಲ್ಲಿ ಎಲ್ಲರೂ ಜ್ವರ ಬಂದವರ ಹಾಗೆ ಕಾಣುತ್ತಾರೆ. 4000 ಕೆಲ್ವಿನ್, ಬಣ್ಣ ಎಷ್ಟು ನೈಜವಾಗಿ ಕಾಣುತ್ತದೆ ಅನ್ನುವ ಸಿಆರ್‌ಐ ಅಂಕಿ 90 ಅಥವಾ ಮೇಲೆ ಅಂತ ಡಬ್ಬದ ಮೇಲೆ ಓದಿ ತನ್ನಿ. ಎರಡು ಪಟ್ಟಿಗಳನ್ನು ಒಟ್ಟಿಗೇ, ಒಂದೇ ಮಾಡೆಲ್‌ನಲ್ಲಿ ಕೊಳ್ಳಿ. ಇಲ್ಲದಿದ್ದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ ಆಗುತ್ತದೆ.

ಬಿಸಿನೀರ ಸ್ನಾನ ಆದಮೇಲೆ ದೀಪ ಮಿಣುಕುವುದು, ಟ್ರಿಪ್ ಆಗುವುದು

ಇಲ್ಲಿಂದ ಮುಂದೆ ಅಳತೆ ಟೇಪ್ ಸಾಲದು. ಯಾವ ದೀಪಕ್ಕೂ ಕೈ ಹಾಕುವ ಮುಂಚೆ ಆ ಲೈನಿನ ಎಂಸಿಬಿ ಇಳಿಸಿ. ಸ್ವಿಚ್ ಆರಿಸಿದ್ದೇನೆ ಅನ್ನುವ ಧೈರ್ಯ ಬೇಡ. ಫೇಸ್ ಬದಲು ನ್ಯೂಟ್ರಲ್ ಅನ್ನು ಸ್ವಿಚ್‌ಗೆ ಕೊಟ್ಟಿರುವ ಮನೆಗಳು ಬೇಕಾದಷ್ಟಿವೆ, ಅಲ್ಲಿ ಸ್ವಿಚ್ ಆರಿಸಿದರೂ ದೀಪದಲ್ಲಿ ಕರೆಂಟ್ ಇರುತ್ತದೆ.

ಸ್ನಾನ ಆದಮೇಲೆ ಮಿಣುಕಿ, ಗಂಟೆ ಬಿಟ್ಟು ತಾನೇ ಸರಿಹೋದರೆ ಅದು ತೇವದ ಲಕ್ಷಣ. ಮುಚ್ಚಳದ ಒಳಗೆ ಹನಿ ಕಾಣುತ್ತಿದೆಯಾ, ಡೌನ್‌ಲೈಟ್‌ನ ಸ್ಪ್ರಿಂಗ್ ಕ್ಲಿಪ್‌ಗೆ ತುಕ್ಕು ಹಿಡಿದಿದೆಯಾ ನೋಡಿ. ಸ್ನಾನಕ್ಕೂ ಮಿಣುಕುವುದಕ್ಕೂ ಸಂಬಂಧವೇ ಇಲ್ಲದಿದ್ದರೆ ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್ ಹಳತಾಗಿರಬೇಕು ಅಥವಾ ಸ್ಕ್ರೂ ಸಡಿಲ ಇರಬೇಕು.

ಡಬ್ಬದ ಮೇಲೆ ಐಪಿ65 ಅಂತ ಇತ್ತಲ್ಲಾ ಅಂತ ಕೇಳುತ್ತೀರಿ. ಐಪಿ ನಂತರದ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಎರಡನೆಯದು 4 ಆದರೆ ಯಾವ ಕಡೆಯಿಂದ ಸಿಡಿದ ನೀರನ್ನೂ ತಡೆಯುತ್ತದೆ, 5 ಆದರೆ ಪೈಪಿನಿಂದ ಹಾರಿಸಿದ ನೀರನ್ನೂ ತಡೆಯುತ್ತದೆ, 0 ಆದರೆ ನೀರಿಗೆ ಯಾವ ರಕ್ಷಣೆಯೂ ಇಲ್ಲ. ಮೋಸ ಇರುವುದು ಸಣ್ಣ ಅಕ್ಷರದಲ್ಲಿ. ಅನೇಕ ಡೌನ್‌ಲೈಟ್‌ಗಳಲ್ಲಿ ಐಪಿ65 ಇರುವುದು ಕೆಳಗೆ ಕಾಣುವ ಮುಖಕ್ಕೆ ಮಾತ್ರ. ಸೀಲಿಂಗ್ ಒಳಗಿರುವ ಬೆನ್ನು ಮತ್ತು ಡ್ರೈವರ್ ಐಪಿ20. ಎಕ್ಸಾಸ್ಟ್ ಫ್ಯಾನಿನ ಪೈಪ್ ಹೊರಗೆ ಹೋಗದೆ ಫಾಲ್ಸ್ ಸೀಲಿಂಗ್ ಒಳಗೇ ಕೊನೆಯಾಗಿದ್ದರೆ ಆವಿಯೆಲ್ಲಾ ನೇರ ಆ ಡ್ರೈವರ್ ಮೇಲೆ. ಅಕ್ಕನ ಮನೆಯಲ್ಲಿ ಆಗಿದ್ದು ಇದೇ. ದೀಪ ಕೆಳಗಿಳಿಸಿದಾಗ ಡ್ರೈವರ್ ಡಬ್ಬದ ಮೇಲೆ ಬಿಳಿ ಉಪ್ಪಿನ ಪದರ, ತುದಿಯ ಕನೆಕ್ಟರ್ ಹಸಿರುಗಟ್ಟಿತ್ತು. ದೀಪ ಬದಲಿಸುವ ಮುಂಚೆ ಆ ಫ್ಯಾನಿನ ಪೈಪನ್ನು ಗೋಡೆಯ ಹೊರಗೆ ತಲುಪಿಸಬೇಕಾಯಿತು. ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ.

ಗೋಡೆಯ ದೀಪದಲ್ಲಿ ನೀರು ಬರುವುದು ಹೆಚ್ಚಾಗಿ ಹಿಂದಿನ ವೈರ್ ತೂತಿನಿಂದ. ದೀಪ ಉರಿದಾಗ ಒಳಗಿನ ಗಾಳಿ ಕಾದು ಹೊರಗೆ ಹೋಗುತ್ತದೆ, ಆರಿದಾಗ ರೂಮಿನ ಒದ್ದೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ವೈರ್ ಹೋಗುವ ಕಡೆ ರಬ್ಬರ್ ಗ್ರಾಮೆಟ್ ಸರಿಯಾಗಿ ಕೂತಿರಬೇಕು. ದೀಪದ ಸುತ್ತ ಸಿಲಿಕೋನ್ ಹಾಕುವಾಗ ಮೇಲೆ ಮತ್ತು ಎರಡು ಪಕ್ಕ ಮಾತ್ರ ಹಾಕಿ, ಕೆಳಗೆ ಬಿಡಿ. ನಾಲ್ಕೂ ಕಡೆ ಮೆತ್ತಿದರೆ ಒಳಗೆ ಸೇರಿದ ನೀರಿಗೆ ಹೊರದಾರಿಯೇ ಇರುವುದಿಲ್ಲ.

ಆರ್‌ಸಿಸಿಬಿ ಟ್ರಿಪ್ ಆಗುತ್ತಿದ್ದರೆ ಅದು ಕರೆಂಟ್ ಸೋರುತ್ತಿದೆ ಅನ್ನುವ ಸೂಚನೆ. ಗೀಸರ್ ಮತ್ತು ದೀಪ ಒಂದೇ ಆರ್‌ಸಿಸಿಬಿ ಕೆಳಗೆ ಇದ್ದರೆ ಮೊದಲು ಗೀಸರ್ ಎಂಸಿಬಿ ಇಳಿಸಿ ಒಂದೆರಡು ದಿನ ನೋಡಿ. ಗೀಸರ್ ಎಲಿಮೆಂಟ್ ಸೋರುವುದೇ ಹೆಚ್ಚು. ಆಮೇಲೂ ಟ್ರಿಪ್ ಆದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಅವರು ದೀಪ, ಡ್ರೈವರ್ ಬಿಚ್ಚಿ ಬೇರೆ ಮಾಡಿ, ವೈರಿಗೆ ಅದರ ಇನ್ಸುಲೇಶನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಿಡಿದು ನೋಡುತ್ತಾರೆ. ಅದರಲ್ಲಿ 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ದೋಷ ವೈರಿಂಗ್‌ನಲ್ಲೇ ಇದೆ. ಟ್ರಿಪ್ ಕಾಟ ತಪ್ಪಿಸಲು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಡುತ್ತೇನೆ ಅನ್ನುವವರನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಬಾತ್‌ರೂಮ್ ಲೈನಿಗೆ 30 ಮಿಲಿ ಆಂಪಿಯರ್‌ನದ್ದು ಇರಲೇಬೇಕು.

ಎಲ್ಲಿ ಯಾವ ದೀಪ ಹಾಕಬಹುದು

ಇದಕ್ಕೆ ಐಇಸಿ 60364-7-701 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಸ್ನಾನದ ಜಾಗವನ್ನು ಅದು ವಲಯಗಳಾಗಿ ಹಂಚುತ್ತದೆ. ಬಾತ್‌ಟಬ್ ಅಥವಾ ನೀರು ನಿಲ್ಲುವ ಶವರ್ ತೊಟ್ಟಿಯ ಒಳಭಾಗ ವಲಯ 0, ಅದರ ಮೇಲೆ ನೆಲದಿಂದ 2.25 ಮೀಟರ್ ಎತ್ತರದವರೆಗೆ ವಲಯ 1, ಪಕ್ಕಕ್ಕೆ ಇನ್ನೂ 60 ಸೆಂ.ಮೀ. ವಲಯ 2. ಆದರೆ ನಮ್ಮ ಹೆಚ್ಚಿನ ಮನೆಗಳಲ್ಲಿ ಟಬ್ಬೂ ಇಲ್ಲ, ತೊಟ್ಟಿಯೂ ಇಲ್ಲ, ನೀರು ನೇರ ನೆಲಕ್ಕೆ. ಅಂಥ ಕಡೆ ಗೋಡೆಯ ಅಥವಾ ಸೀಲಿಂಗ್‌ನ ಶವರ್ ಬಾಯಿಂದ ಸುತ್ತಲೂ 1.2 ಮೀಟರ್ ವಲಯ 1 ಆಗುತ್ತದೆ, ವಲಯ 2 ಬೇರೆ ಇರುವುದಿಲ್ಲ. ಅದರೊಳಗೆ ದೀಪದ ನೀರಿನ ಅಂಕಿ ಕನಿಷ್ಠ 4 ಇರಬೇಕು. ಪೈಪ್ ಹಿಡಿದು ತೊಳೆಯುವ ಜಾಗವಾದರೆ 5 ಬೇಕು. ಪ್ಲಗ್ ಸಾಕೆಟ್ ಅಲ್ಲಿ ಕೂಡದು.

ಅಳೆಯಲು 1.2 ಮೀಟರ್ ಉದ್ದದ ದಾರ ಸಾಕು. ಒಂದು ತುದಿಯನ್ನು ಶವರ್ ಕೆಳಗೆ ಹಿಡಿದು ಇನ್ನೊಂದು ತುದಿ ಎಲ್ಲಿಗೆ ಬರುತ್ತದೆ ನೋಡಿ. ನಡುವೆ ಅಲ್ಲಾಡದ ಗಾಜಿನ ತಡೆ ಇದ್ದರೆ ದಾರವನ್ನು ಅದರ ಅಂಚು ಸುತ್ತಿಸಿ ತನ್ನಿ. ಶವರ್ ಪರದೆ ಲೆಕ್ಕಕ್ಕಿಲ್ಲ.

ಅಕ್ಕನ ಮನೆಯಲ್ಲಿ ಶವರ್ ಬಾಯಿ ಬಾಗಿಲ ಗೋಡೆಯಿಂದ 210 ಸೆಂ.ಮೀ. ದೂರ. ಬೇಸಿನ್‌ನ ನಡು 50 ಸೆಂ.ಮೀ.ಗೆ. ಎರಡು ಪಟ್ಟಿಗಳ ನಡುವೆ 76 ಸೆಂ.ಮೀ. ಅಂತ ಇಟ್ಟುಕೊಂಡರೆ ಶವರ್ ಕಡೆಯ ಪಟ್ಟಿ 88 ಸೆಂ.ಮೀ.ಗೆ ಬರುತ್ತದೆ. ಶವರ್‌ಗೆ ಉಳಿದ ದೂರ 122 ಸೆಂ.ಮೀ. ವಲಯದ ಗೆರೆಯಿಂದ ಎರಡೇ ಸೆಂ.ಮೀ. ಹೊರಗೆ. ಲೆಕ್ಕದ ಪ್ರಕಾರ ಅಲ್ಲಿ ಸಾದಾ ದೀಪವೂ ನಡೆಯುತ್ತದೆ. ನನ್ನ ಪ್ರಕಾರ ಬೇಡ. ಕಮೋಡ್ ಪಕ್ಕ ಹೆಲ್ತ್ ಫಾಸೆಟ್ ಇದೆ, ಬಾತ್‌ರೂಮ್ ತೊಳೆಯುವವರು ಅದನ್ನೇ ಹಿಡಿದು ಗೋಡೆಗೆ ನೀರು ಹಾರಿಸುತ್ತಾರೆ. ಹಾಗಾಗಿ ಆ ಕಡೆಗೆ ಐಪಿ65 ಪಟ್ಟಿ, ಜೋಡಿ ಹೊಂದಲಿ ಅಂತ ಎಡಕ್ಕೂ ಅದೇ. ಶವರ್ ಮೇಲಿನ ಸೀಲಿಂಗ್ 2.4 ಮೀಟರ್ ಎತ್ತರ ಇರುವುದರಿಂದ ವಲಯ 1 ಅಲ್ಲಿಗೆ ಮುಟ್ಟುವುದಿಲ್ಲ. ಆದರೂ ಆವಿ ಹೋಗಿ ಸೇರುವುದು ಅಲ್ಲಿಗೇ, ಅಲ್ಲಿಯೂ ಮುಚ್ಚಿದ ದೀಪವೇ ಸರಿ.

ವೈರ್ ವಿಷಯದಲ್ಲಿ ಟೈಲ್ಸ್ ಒಡೆಯದೆ ದಾರಿ ಸಿಕ್ಕಿತು. ಕನ್ನಡಿಯ ಮೇಲೆ ಬಿಲ್ಡರ್ ಬಿಟ್ಟಿದ್ದ ಲೈಟ್ ಪಾಯಿಂಟ್ ಇತ್ತು. ಕನ್ನಡಿಯನ್ನು ಅಲ್ಯೂಮಿನಿಯಂ ಚಾನೆಲ್ ಮೇಲೆ ಗೋಡೆಯಿಂದ ಸ್ವಲ್ಪ ಮುಂದಕ್ಕೆ ಕೂರಿಸಿ, ಅದರ ಹಿಂದಿನಿಂದ ಎರಡೂ ಪಕ್ಕಕ್ಕೆ ವೈರ್ ಇಳಿಸಿದರು. ಪ್ಲೈವುಡ್ ಪಟ್ಟಿ ಕೊಟ್ಟರೆ ಅದು ನೀರು ಕುಡಿದು ಉಬ್ಬುತ್ತದೆ. ಪಟ್ಟಿಗಳು 24 ವೋಲ್ಟ್‌ನವು, ಡ್ರೈವರ್ ಬಾತ್‌ರೂಮ್ ಒಳಗೆ ಇಲ್ಲ, ಹೊರಗಿನಿಂದ ಬಾಗಿಲು ತೆರೆಯುವ ಲಾಫ್ಟ್‌ನಲ್ಲಿದೆ. ಡ್ರೈವರ್ ಮೇಲೆ ಎಸ್‌ಇಎಲ್‌ವಿ, ಅಂದರೆ ಮುಟ್ಟಿದರೂ ಅಪಾಯವಿಲ್ಲದ ಕಡಿಮೆ ವೋಲ್ಟೇಜ್ ಅಂತ ಗುರುತು ಇರುವುದನ್ನು ನೋಡಿ ತಂದದ್ದು. ಹೀಗೆ ಮಾಡಿದರೆ ಒದ್ದೆ ಕೈ ಮುಟ್ಟುವ ಜಾಗಕ್ಕೆ 230 ವೋಲ್ಟ್ ಬರುವುದೇ ಇಲ್ಲ, ಕೆಟ್ಟರೆ ಡ್ರೈವರ್ ಬದಲಿಸುವುದೂ ಸುಲಭ. ನೇರ 230 ವೋಲ್ಟ್‌ನ ಲೋಹದ ದೀಪವೇ ಹಾಕುವುದಾದರೆ ಅರ್ತಿಂಗ್ ವೈರ್ ಬೇಕೇ ಬೇಕು. ಹಳೇ ಮನೆಗಳ ಲೈಟ್ ಪಾಯಿಂಟ್‌ಗೆ ಎರಡೇ ವೈರ್ ಬಂದಿರುತ್ತದೆ. ಅಂಥ ಕಡೆ ಚೌಕದೊಳಗೆ ಚೌಕದ ಗುರುತಿರುವ, ಡಬಲ್ ಇನ್ಸುಲೇಶನ್ ದೀಪ ಆರಿಸಿ.

ಹಾಕಿದ ಮೇಲೆ ಮತ್ತೆ ಅಳೆಯಿರಿ

ಎಲ್ಲಾ ಉರಿಸಿ ಅದೇ ಜಾಗದಲ್ಲಿ ಫೋನ್ ಹಿಡಿದಾಗ ಕನ್ನಡಿ ಕಡೆ ಸುಮಾರು 450, ಮೇಲ್ಮುಖವಾಗಿ ಅದಕ್ಕಿಂತ ಕಡಿಮೆ ಬಂತು. ಅನುಪಾತ ತಿರುಗಿತು, ನೆರಳು ಹೋಯಿತು. ಹಾಗಾಗದೆ ಕಣ್ಣಿನ ಕೆಳಗೆ ಇನ್ನೂ ಕಪ್ಪು ಕಂಡರೆ ಸೀಲಿಂಗ್ ದೀಪ ಆರಿಸಿ ನೋಡಿ. ಆರಿಸಿದಾಗ ಮುಖ ಚೆನ್ನಾಗಿ ಕಂಡರೆ ಸೀಲಿಂಗ್ ದೀಪವೇ ಜಾಸ್ತಿ ಆಗಿದೆ, ಅದನ್ನು 12ರಿಂದ 6 ಅಥವಾ 7 ವಾಟ್‌ಗೆ ಇಳಿಸಿ. ಕನ್ನಡಿ ದೀಪಕ್ಕೂ ಸೀಲಿಂಗ್ ದೀಪಕ್ಕೂ ಬೇರೆ ಬೇರೆ ಸ್ವಿಚ್ ಇರಬೇಕಾದ್ದು ಇದಕ್ಕೇ. ರಾತ್ರಿ ಎದ್ದು ಬರುವ ಹಿರಿಯರಿದ್ದರೆ ಬೇಸಿನ್ ಕೌಂಟರ್ ಕೆಳಗೆ ಒಂದು ವಾಟ್‌ನ ಹಳದಿ ದೀಪಕ್ಕೆ ಮೂರನೇ ಸ್ವಿಚ್ ಕೊಡಿ. ನೆಲ ಕಂಡರೆ ಸಾಕು, ಕಣ್ಣಿಗೆ ಬಡಿಯಬಾರದು. ಸ್ವಿಚ್‌ಗಳೆಲ್ಲಾ ಬಾಗಿಲ ಹೊರಗೇ ಇರಲಿ.

ಬೇಸಿನ್ ಮೂಲೆಗೆ ಅಂಟಿಕೊಂಡಿದ್ದು ಒಂದು ಪಕ್ಕ ದೀಪಕ್ಕೆ ಜಾಗವೇ ಇಲ್ಲದ ಮನೆಗಳೂ ಇವೆ. ಅಲ್ಲಿ ಖಾಲಿ ಇರುವ ಪಕ್ಕದಲ್ಲಿ ಒಂದು ಪಟ್ಟಿ, ಕನ್ನಡಿ ಮೇಲಂಚಿನಲ್ಲಿ ಒಂದು ಪಟ್ಟಿ ಹಾಕಿ. ಮೂಲೆಯ ಗೋಡೆ ಬಿಳಿ ಇದ್ದರೆ ಅದೇ ಎರಡನೇ ದೀಪದ ಕೆಲಸ ಮಾಡುತ್ತದೆ. ನೂರಕ್ಕೆ ನೂರು ಸರಿಹೋಗುವುದಿಲ್ಲ, ಒಂದು ಕೆನ್ನೆ ತುಸು ಮಂಕು ಉಳಿಯುತ್ತದೆ.

ಬಾಡಿಗೆ ಮನೆಯವರು ಗೋಡೆ ಮುಟ್ಟುವ ಹಾಗಿಲ್ಲವಾದರೆ ಚಾರ್ಜ್ ಮಾಡುವ ಪಟ್ಟಿ ದೀಪಗಳು ಸಿಗುತ್ತವೆ, ಮ್ಯಾಗ್ನೆಟ್ ಪಟ್ಟಿಗೆ ಅಂಟಿಕೊಳ್ಳುವಂಥವು. ಜೊತೆ ತಂದು ಕನ್ನಡಿಯ ಎರಡು ಪಕ್ಕ ಕಣ್ಣೆತ್ತರಕ್ಕೆ ಅಂಟಿಸಿ. ಇವುಗಳಲ್ಲಿ ಹೆಚ್ಚಿನವಕ್ಕೆ ನೀರಿನ ರಕ್ಷಣೆ ಇರುವುದಿಲ್ಲ, ಆದ್ದರಿಂದ ಸ್ನಾನಕ್ಕೆ ಮುಂಚೆ ಕಿತ್ತು ಹೊರಗಿಡಿ. ಚಾರ್ಜನ್ನೂ ಬಾತ್‌ರೂಮ್ ಹೊರಗೇ ಮಾಡಿ, ಬೇಸಿನ್ ಪಕ್ಕದ ಸಾಕೆಟ್‌ನಲ್ಲಿ ಬೇಡ.